ಬೆರಳಿಲ್ಲದ ಮಂಗ್ಯಾನ ಗೊಂಬೆಯಾಟ

ಕೈ ತೊಳೆಯುವ ಬಗ್ಗೆ ಮಕ್ಕಳಿಗೆ ಗೊಂಬೆಯಾಟ ಬರೆಯಲು ಕೂತರೆ ಮೊದಲ ತೊಡಕು ಗೊಂಬೆಯದೇ. ನಾವು ಬಳಸುವುದು ಕೈಗೆ ಹಾಕಿಕೊಳ್ಳುವ ಬಟ್ಟೆ ಗೊಂಬೆ. ನಮ್ಮ ತೋರುಬೆರಳು ಅದರ ತಲೆಯೊಳಗೆ, ಹೆಬ್ಬೆರಳು ಮತ್ತು ನಡುಬೆರಳು ಅದರ ಎರಡು ಕೈಯೊಳಗೆ. ಅಂದರೆ ಗೊಂಬೆಗೆ ಕೈ ಇದೆ, ಬೆರಳಿಲ್ಲ. ನೀರು ತಾಗಿಸಿದರೆ ಬಟ್ಟೆ ಒದ್ದೆಯಾಗಿ ಜೋತು ಬೀಳುತ್ತದೆ. ಬೆರಳ ಸಂದು, ಹೆಬ್ಬೆರಳು, ಉಗುರಿನ ತುದಿ: ಕೈ ತೊಳೆಯುವಾಗ ಜನ ಬಿಟ್ಟುಬಿಡುವುದು ಇವನ್ನೇ. ಗೊಂಬೆಗೆ ತೋರಿಸಲು ಬಾರದ್ದೂ ಇವೇ.

ಬಾದಾಮಿ ತಾಲ್ಲೂಕಿನ ಶಾಲೆಗಳಲ್ಲಿ ಆರೋಗ್ಯ ಜಾಥಾದ ಜೊತೆ ಆಡಲು ಆಟ ಬರೆಯುವಾಗ ಈ ಕೊರತೆಯನ್ನೇ ಕಥೆ ಮಾಡಿಕೊಂಡೆ. ನಾಯಕ ಒಬ್ಬ ಮಂಗ್ಯಾ. ಬಾದಾಮಿ ಮಕ್ಕಳಿಗೆ ಮಂಗನ ಪರಿಚಯ ಮಾಡಿಕೊಡಬೇಕೇ? ಅವನ ಜೊತೆ ಒಬ್ಬ ಆಯಿ, ಒಂದು ರೊಟ್ಟಿ ಬುಟ್ಟಿ. ಇಷ್ಟೇ ಪಾತ್ರ, ಇಷ್ಟೇ ಸಾಮಾನು. ಎರಡು ಕಂಬಕ್ಕೆ ಸೀರೆ ಕಟ್ಟಿ ಒಬ್ಬರೇ ಆಡಿಸಬಹುದು.

ರೋಗಾಣುವನ್ನು ಕೊಂಬಿನ ರಾಕ್ಷಸ ಮಾಡೋಣ ಎಂದು ತಂಡದಲ್ಲಿ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಅಂಥ ಗೊಂಬೆ ಬಂದರೆ ಮಕ್ಕಳಿಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಅದೇ. ಅಲ್ಲದೆ ಒಂದನೇ ತರಗತಿ ಮಗು ಆಮೇಲೆ ತನ್ನ ಕೈ ನೋಡಿಕೊಂಡು ‘ರಾಕ್ಷಸ ಎಲ್ಲೂ ಇಲ್ಲ’ ಅನ್ನುತ್ತದೆ, ಅಲ್ವಾ?

ಆಟ ಶುರುವಾಗುವುದು ಹೀಗೆ:

ಮಂಗ್ಯಾ: ಆಯಿ, ಹೊಟ್ಟಿ ಹಸದೈತಿ. ರೊಟ್ಟಿ ಕೊಡ.
ಆಯಿ: ಕೈ ತೊಳಕೊಂಡಿ ಏನ?
ಮಂಗ್ಯಾ: ನೀರಾಗ ಅದ್ದಿ ತಗದೀನಲ್ಲ!
ಆಯಿ: ಸಾಬೂನ?
ಮಂಗ್ಯಾ: ಅದನ್ನ ಕಾಗಿ ಒಯ್ತು.

ಇಲ್ಲಿ ಮಕ್ಕಳು ಜೋರಾಗಿ ನಗುತ್ತಾರೆ. ಕಾಗೆ ಸಾಬೂನು ಕದಿಯುವುದು ಅವರು ದಿನಾ ನೋಡುವ ಸಂಗತಿ. ಹಾಗಾಗಿಯೇ ಸಾಬೂನನ್ನು ಜಾಳಿಗೆ ಚೀಲಕ್ಕೆ ಹಾಕಿ ನಳಕ್ಕೆ ಕಟ್ಟುವ ಮಾತನ್ನು ಆಯಿ ಬಾಯಲ್ಲಿ ಇಲ್ಲೇ ಆಡಿಸಿದ್ದೇನೆ.

‘ಬರೇ ನೀರ ಸಾಕು’ ಎಂದು ಮಂಗ್ಯಾ ಹಟ ಹಿಡಿಯುತ್ತಾನೆ. ಆಗ ಆಯಿ ಒಬ್ಬ ಹುಡುಗನನ್ನು ಮುಂದೆ ಕರೆಯುತ್ತಾಳೆ. ಅವನ ಅಂಗೈಗೆ ನಾಲ್ಕು ಹನಿ ಶೇಂಗಾ ಎಣ್ಣೆ, ಒಂದು ಚಿಟಿಕೆ ಅರಿಷಿಣ. ಎರಡೂ ಕೈಗೆ ಸವರಿಕೊಂಡು ಬರೀ ನೀರಲ್ಲಿ ತೊಳೆದರೆ ನೀರು ಮಣಿಮಣಿಯಾಗಿ ಜಾರಿ ಹೋಗುತ್ತದೆ, ಹಳದಿ ಹಾಗೇ ಉಳಿಯುತ್ತದೆ. ಸಾಬೂನು ಹಚ್ಚಿದರೆ ಹೋಗುತ್ತದೆ, ಏಕೆಂದರೆ ಸಾಬೂನು ಒಂದು ಕಡೆ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ಕಡೆ ನೀರನ್ನು. ಅರಿಷಿಣದ ತೆಳು ಬಣ್ಣ ಚರ್ಮಕ್ಕೆ ಅಂಟಿ ಉಳಿಯಬಹುದು. ಅದಕ್ಕೇ ಚಿಟಿಕೆಗಿಂತ ಜಾಸ್ತಿ ಹಾಕಬಾರದು. ಬೆರಳ ಸಂದಿನಲ್ಲಿ ಉಳಿದ ಗಾಢ ಹಳದಿಯೇ ಬೇರೆ, ಅದು ಉಜ್ಜದೆ ಬಿಟ್ಟ ಜಾಗ. ಹುಡುಗ ಕೈ ಎತ್ತಿ ತೋರಿಸಿದರೆ ಹಿಂದೆ ಕೂತವರಿಗೂ ಕಾಣುತ್ತದೆ.

ಆಮೇಲೆ ಮಂಗ್ಯಾ ತನ್ನ ಮೊಂಡು ಕೈ ಎತ್ತಿ ನೋಡಿಕೊಳ್ಳುತ್ತಾನೆ: ‘ನನಗ ಬೆರಳ ಇಲ್ಲೋ ಹುಡುಗ್ರಾ. ಸಂದ್ಯಾಗ ಹೆಂಗ ತಿಕ್ಕೋದು, ನೀವ ತೋರಸ್ರಿ.’ ಈ ಮಾತಾದ ಮೇಲೆ ‘ಮಂಗ್ಯಾ ಸುಮ್ನೆ ನಿಲ್ಲಬೇಕು’ ಎಂದು ಬರೆದು ಅಡಿಗೆರೆ ಎಳೆದಿದ್ದೇನೆ. ಗೊಂಬೆ ಆಡಿಸುವವರಿಗೆ ಸುಮ್ಮನಿರುವುದು ಕಷ್ಟ, ತಾವೇ ಹೇಳಿಕೊಟ್ಟುಬಿಡುತ್ತಾರೆ. ಸ್ವಲ್ಪ ತಡೆದರೆ ಮಕ್ಕಳೇ ಎದ್ದು ನಿಂತು ಬೆರಳಿಗೆ ಬೆರಳು ಹೆಣೆದು ತೋರಿಸುತ್ತಾರೆ. ಅಲ್ಲಿಂದ ಹಾಡು:

ಅಂಗೈ ಅಂಗೈ ತಿಕ್ಕೋ ಮಂಗ್ಯಾ
ಮುಂಗೈ ಮ್ಯಾಲ ಉಜ್ಜೋ ಮಂಗ್ಯಾ
ಸಂದ್ಯಾಗ ಬೆರಳ ಹಾಕೋ ಮಂಗ್ಯಾ
ಹೆಬ್ಬಟ್ ಹಿಡದು ತಿರುವೋ ಮಂಗ್ಯಾ
ಉಗುರಿನ ತುದಿಯ ಕೆರಿಯೋ ಮಂಗ್ಯಾ

ಸಾಬೂನು ಹಚ್ಚಿ ಕನಿಷ್ಠ 20 ಸೆಕೆಂಡು ಉಜ್ಜಬೇಕು. ಈ ಐದು ಸಾಲನ್ನು ನಿಧಾನಕ್ಕೆ ಹಾಡಿದರೂ ಅಷ್ಟು ಹೊತ್ತು ಆಗುವುದಿಲ್ಲ. ಅದರಲ್ಲೂ ಮಕ್ಕಳು ಹುರುಪಿಗೆ ಬಿದ್ದು ಓಡಿಸುತ್ತಾರೆ. ‘ನಿಧಾನ’ ಎಂದು ಕೂಗಿ ಉಪಯೋಗವಿಲ್ಲ. ಅದಕ್ಕೆ ಪ್ರತಿ ಸಾಲಿನ ಕೊನೆಗೆ ಮಂಗ್ಯಾನ ‘ಕಿಚ ಕಿಚ ಕಿಚ’ ಸೇರಿಸಿದೆ. ಆ ಹೊತ್ತಿನಲ್ಲೂ ಕೈ ಉಜ್ಜುತ್ತಲೇ ಇರಬೇಕು. ಒಂದು ಸಾಲು, ಒಂದು ಕಿಚಕಿಚ, ಸೇರಿ ನಾಲ್ಕು ಸೆಕೆಂಡು. ಅಭ್ಯಾಸ ಮಾಡುವಾಗ ಮೊಬೈಲಿನ ಗಡಿಯಾರ ಇಟ್ಟುಕೊಂಡೇ ಕೂರುತ್ತೇವೆ. ಹಾಡು ಮುಗಿಯುವವರೆಗೆ ನಳ ಬಂದ್. ನೀರು ಬಿಟ್ಟುಕೊಂಡೇ ಉಜ್ಜಿದರೆ ನೊರೆ ಮೊದಲೇ ತೊಳೆದುಹೋಗುತ್ತದೆ.

ಆಟವನ್ನು ಬಿಸಿಯೂಟಕ್ಕೆ ಸ್ವಲ್ಪ ಮೊದಲು ಇಟ್ಟುಕೊಳ್ಳುತ್ತೇವೆ. ಆಯಿಯ ಕೊನೆಯ ಮಾತೇ ‘ನಳದ ಹಂತ್ಯಾಕ ಪಾಳೆ ಹಚ್ರಿ’. ಮಕ್ಕಳು ಎದ್ದು ಸೀದಾ ಅಲ್ಲಿಗೇ ಹೋಗುತ್ತಾರೆ. ನಳದ ಹತ್ತಿರ ನಿಂತು ನಾನು ನೋಡುವುದು ಹೆಬ್ಬೆರಳನ್ನು ಮಾತ್ರ. ಬಾಯಲ್ಲಿ ಹಾಡು ಇದ್ದು, ನಾಲ್ಕನೇ ಸಾಲಿಗೂ ಅಂಗೈಯನ್ನೇ ತಿಕ್ಕುತ್ತಿದ್ದರೆ ಹಾಡು ಕೈಗೆ ಇಳಿದಿಲ್ಲ ಅಂತ ಲೆಕ್ಕ. ಅಂಥ ಶಾಲೆಗೆ ಮತ್ತೆ ಹೋದಾಗ ಆ ಸಾಲು ಬಂದ ಕೂಡಲೇ ಮಂಗ್ಯಾ ಹಾಡು ಮರೆಯುತ್ತಾನೆ. ‘ಮುಂದ ಏನೋ?’ ಎಂದು ಕೇಳುತ್ತಾನೆ. ಮಕ್ಕಳು ಹೆಬ್ಬೆರಳು ಹಿಡಿದು ತಿರುವಿ ತೋರಿಸುವ ತನಕ ಹಾಡು ಮುಂದಕ್ಕೆ ಹೋಗುವುದಿಲ್ಲ.