‘ಸಾಕಷ್ಟು ಕ್ಯೂರಿಂಗ್’ ಅಂದ್ರೆ ಎಷ್ಟು? ಷರತ್ತು ತಿದ್ದಿ ಬರೆದ ನನ್ನ ಅನುಭವ

ಕೊಪ್ಪಳದ ಕಡೆ ಎರಡು ಅಂತಸ್ತಿನ ಕಟ್ಟಡವೊಂದರ ಕೆಲಸ. ಮಾಲೀಕರ ಪರವಾಗಿ ನಾನು ಎಂಜಿನಿಯರ್. ಏಪ್ರಿಲ್ ತಿಂಗಳು. ಮೊದಲ ಸ್ಲ್ಯಾಬ್ ಹಾಕಿ ನಾಲ್ಕನೇ ದಿನ, ಮಧ್ಯಾಹ್ನ ಎರಡು ಗಂಟೆಗೆ ಮೇಲೆ ಹತ್ತಿದೆ. ಇಡೀ ಸ್ಲ್ಯಾಬ್ ಬೂದಿಯ ಹಾಗೆ ಬಿಳಿಚಿಕೊಂಡಿತ್ತು. ಕೈ ಇಟ್ಟರೆ ಸುಡುತ್ತಿತ್ತು. ಬೀಮಿನ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕುಗಳು. ಕ್ಯೂರಿಂಗ್, ಅಂದರೆ ಹೊಸ ಕಾಂಕ್ರೀಟ್ ಒಣಗದ ಹಾಗೆ ಒದ್ದೆಯಾಗಿಡುವ ಕೆಲಸ, ಆಗ್ತಿದೆಯಾ ಅಂತ ಕೇಳಿದರೆ, ‘ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ ನೀರು ಹೊಡೀತಿದೀವಿ ಸರ್’ ಅಂದರು ಮೇಸ್ತ್ರಿ.

ಬಿಲ್ಲಿನಲ್ಲಿ ಸ್ವಲ್ಪ ಹಣ ಹಿಡಿದೆ. ಕಂಟ್ರಾಕ್ಟರ್ ಕರಾರಿನ ಪುಟ ತೆಗೆದು ನನ್ನ ಮುಂದಿಟ್ಟರು. ಅದನ್ನು ಬರೆದಿದ್ದವನು ನಾನೇ: ‘ಕಾಂಕ್ರೀಟ್ ಉತ್ತಮ ಗುಣಮಟ್ಟದ್ದಾಗಿರಬೇಕು. ಎಂಜಿನಿಯರ್‌ಗೆ ಒಪ್ಪಿಗೆಯಾಗುವಂತೆ ಸಾಕಷ್ಟು ಕ್ಯೂರಿಂಗ್ ಮಾಡಬೇಕು.’ ಅವರು ಕೇಳಿದ್ದು ಒಂದೇ ಮಾತು. ‘ಸರ್, ಸಾಕಷ್ಟು ಅಂದ್ರೆ ಎಷ್ಟು ಅಂತ ಎಲ್ಲಿ ಬರೆದಿದೀರಿ?’ ನನ್ನ ಬಳಿ ಉತ್ತರ ಇರಲಿಲ್ಲ. ಹಿಡಿದ ಹಣ ಬಿಟ್ಟುಕೊಟ್ಟೆ. ಎರಡನೇ ಸ್ಲ್ಯಾಬ್‌ಗೆ ಮೊದಲು ಇಬ್ಬರೂ ಕೂತು ಆ ಷರತ್ತು ಬದಲಾಯಿಸೋಣ ಅಂದಾಗ ಅವರು ಒಪ್ಪಿದರು.

ಆ ಬಿರುಕಿನ ಸ್ಲ್ಯಾಬ್‌ನ ಕಾಂಕ್ರೀಟಿನಿಂದಲೇ ಪರೀಕ್ಷೆಗೆಂದು ಮಾಡಿಟ್ಟ ಕ್ಯೂಬ್‌ಗಳು 28 ದಿನದ ಬಲಪರೀಕ್ಷೆಯಲ್ಲಿ ಪಾಸಾಗಿದ್ದವು. ಇದನ್ನು ಅರ್ಥ ಮಾಡಿಕೊಳ್ಳದೆ ಷರತ್ತು ಬರೆದರೆ ಉಪಯೋಗವಿಲ್ಲ. ಕ್ಯೂಬ್ ಒಂದು ದಿನ ಅಚ್ಚಿನಲ್ಲಿದ್ದು, ಆಮೇಲೆ ಟ್ಯಾಂಕಿನ ನೀರಲ್ಲಿ ಮುಳುಗಿ ಕೂತಿರುತ್ತದೆ. ಸ್ಲ್ಯಾಬ್ ಬಿಸಿಲಲ್ಲಿರುತ್ತದೆ. ಕ್ಯೂಬ್ ಹೇಳುವುದು ಮಿಕ್ಸರ್‌ನಿಂದ ಬಂದ ಮಾಲು ಹೇಗಿತ್ತು ಅಂತ ಮಾತ್ರ. ಮೇಲೆ ಅದನ್ನು ಹೇಗೆ ನೋಡಿಕೊಂಡರು ಅನ್ನುವುದು ಅದಕ್ಕೆ ಗೊತ್ತಿಲ್ಲ. ಹಾಗಾಗಿ ಕ್ಯೂರಿಂಗ್‌ಗೆ ಅದರದ್ದೇ ಅಳತೆ ಬೇಕು.

ಮೊದಲು ದಿನಗಳ ಲೆಕ್ಕ. ಕಾಂಕ್ರೀಟ್ ಕೆಲಸದ ಭಾರತೀಯ ಕೋಡ್ ಐಎಸ್ 456:2000 ಪ್ರಕಾರ ಸಾದಾ ಓಪಿಸಿ ಸಿಮೆಂಟಾದರೆ ಕನಿಷ್ಠ 7 ದಿನ, ಪಿಪಿಸಿ ತರಹದ ಬೆರಕೆ ಸಿಮೆಂಟಾದರೆ ಕನಿಷ್ಠ 10 ದಿನ. ಒಣ ಬಿಸಿಲಿನ ಜಾಗದಲ್ಲಿ ಯಾವ ಸಿಮೆಂಟಾದರೂ 10ಕ್ಕಿಂತ ಕಮ್ಮಿ ಆಗಬಾರದು. ಬೆರಕೆ ಸಿಮೆಂಟಿಗೆ 14 ದಿನದವರೆಗೆ ಮುಂದುವರಿಸಿ ಅನ್ನುವ ಶಿಫಾರಸೂ ಇದೆ. ನಮ್ಮಲ್ಲಿ ಬಳಸಿದ್ದು ಪಿಪಿಸಿ, ಜಾಗ ಕೊಪ್ಪಳ. 14 ಅಂತ ಬರೆದೆ. ಶಿಫಾರಸನ್ನು ಕಡ್ಡಾಯ ಮಾಡಬೇಕಾದರೆ ಕರಾರಿನಲ್ಲೇ ಅಂಕಿ ಬರಬೇಕು. ‘ಐಎಸ್ 456ರಂತೆ’ ಅಂತ ಸುಮ್ನೆ ಬರೆದರೆ ಕಂಟ್ರಾಕ್ಟರ್ 10ಕ್ಕೇ ನಿಲ್ಲಿಸಬಹುದು, ಅದು ತಪ್ಪೂ ಅಲ್ಲ.

ಆದರೆ ದಿನ ಬರೆದರೆ ಮುಗಿಯಲಿಲ್ಲ. ದಿನಕ್ಕೆ ಎರಡು ಸಲ ನೀರು ಹೊಡೆದವರೂ 14 ದಿನ ಮಾಡಿದೆವು ಅನ್ನಬಹುದು ಅಲ್ವಾ? ಕೋಡ್ ಕೇಳುವುದು ‘ಸತತವಾಗಿ ಒದ್ದೆ’. ಅದನ್ನು ಕಣ್ಣಿಗೆ ಕಾಣುವ ಹಾಗೆ ಮಾಡಬೇಕು. ನಾನು ಬರೆದದ್ದು ಹೀಗೆ:

‘ಕಾಂಕ್ರೀಟ್ ಮೇಲ್ಮೈ ಗಟ್ಟಿಯಾದ ಕೂಡಲೇ ಒದ್ದೆ ಗೋಣಿತಟ್ಟು ಹೊದಿಸಬೇಕು. ಮಾರನೇ ದಿನ ಬೆಳಗ್ಗೆ 10ರೊಳಗೆ ಗಾರೆಯ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕು. ನೀರು ನಿಲ್ಲಿಸಿದ ದಿನದಿಂದ 14 ದಿನ, ಯಾವ ಹೊತ್ತಿನಲ್ಲಿ ಅಳೆದರೂ ಪ್ರತಿ ಪಾತಿಯಲ್ಲೂ ಕನಿಷ್ಠ 25 ಮಿ.ಮೀ. ನೀರು ಇರಬೇಕು. ದಿನವೂ ಮಧ್ಯಾಹ್ನ 2ರಿಂದ 3ರೊಳಗೆ ಎರಡೂ ಕಡೆಯವರು ಸ್ಟೀಲ್ ಸ್ಕೇಲಿನಲ್ಲಿ ಅಳೆದು ರಿಜಿಸ್ಟರಿಗೆ ಸಹಿ ಹಾಕಬೇಕು.’

ಮಧ್ಯಾಹ್ನ ಎರಡು ಗಂಟೆಯನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಬೆಳಗ್ಗೆ ಎಂಟಕ್ಕೆ ಹೋದರೆ ಎಲ್ಲ ಸ್ಲ್ಯಾಬೂ ಒದ್ದೆಯಾಗೇ ಇರುತ್ತೆ. 25 ಮಿ.ಮೀ. ಅನ್ನುವುದು ಕೋಡಿನ ಅಂಕಿ ಅಲ್ಲ, ನಾನು ಹಾಕಿದ್ದು. ಸ್ಲ್ಯಾಬ್ ಪೂರ್ತಿ ಸಮತಟ್ಟಾಗಿ ಇರುವುದಿಲ್ಲ. ಐದಾರು ಮಿ.ಮೀ. ನೀರಾದರೆ ಎತ್ತರದ ಜಾಗ ಬೇಗ ಒಣಗುತ್ತೆ.

ಇನ್ನು ತಪ್ಪಿದರೆ ಏನು? ಮೊದಲ ಕರಡಿನಲ್ಲಿ, ಒಣಗಿದ ಪ್ರತಿ ದಿನಕ್ಕೆ ಕೊನೆಯಲ್ಲಿ ಒಂದು ದಿನ ಸೇರಿಸಬೇಕು ಅಂತ ಬರೆದಿದ್ದೆ. ಅದು ದೊಡ್ಡ ತಪ್ಪು. ಎಳೆ ಕಾಂಕ್ರೀಟು ಎರಡನೇ ದಿನ ಒಣಗಿದರೆ ಆಗುವ ನಷ್ಟವನ್ನು ಹದಿನೈದನೇ ದಿನದ ನೀರು ತುಂಬಿಕೊಡುವುದಿಲ್ಲ. ಆಮೇಲೆ ‘ದಿನಕ್ಕೆ ಇಷ್ಟು ದಂಡ’ ಅಂತ ಬದಲಾಯಿಸಿದೆ. ವಕೀಲ ಗೆಳೆಯರೊಬ್ಬರು ಅದನ್ನೂ ಒಪ್ಪಲಿಲ್ಲ. ಭಾರತೀಯ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ, ಬರೆದ ದಂಡ ಪೂರ್ತಿ ಸಿಗುತ್ತೆ ಅಂತ ಇಲ್ಲ. ಆ ಮೊತ್ತದ ಮಿತಿಯೊಳಗೆ ನ್ಯಾಯವಾದ ಪರಿಹಾರ ಮಾತ್ರ. ‘ದಂಡ ಹಾಕೋದಕ್ಕಿಂತ, ಮಾಡದ ಕೆಲಸಕ್ಕೆ ದುಡ್ಡು ಕೊಡದೆ ಇರೋದು ಸುಲಭ ಕಣೋ’ ಅಂದರು.

ಆ ಮಾತಿನಿಂದಲೇ ದಾರಿ ಸಿಕ್ಕಿತು. ಸಾಮಾನ್ಯವಾಗಿ ಕ್ಯೂರಿಂಗ್ ದರ ಕಾಂಕ್ರೀಟಿನ ಘನ ಮೀಟರ್ ದರದೊಳಗೇ ಸೇರಿಹೋಗಿರುತ್ತದೆ. ಕಾಂಕ್ರೀಟ್ ಹಾಕಿದ ದಿನವೇ ಬಿಲ್ಲೂ ಆಯಿತು. ಹಿಡಿಯುವುದಕ್ಕೆ ಏನೂ ಉಳಿಯುವುದಿಲ್ಲ. ನಾವು ಕ್ಯೂರಿಂಗನ್ನು ಆ ದರದಿಂದ ಹೊರತೆಗೆದು ಬೇರೆ ಐಟಂ ಮಾಡಿದೆವು. ಅಳತೆ: ಒಂದು ಚದರ ಮೀಟರಿಗೆ ಒಂದು ದಿನ. ಸ್ಲ್ಯಾಬ್ 180 ಚದರ ಮೀಟರ್, ಒಪ್ಪಿದ ದರ 4 ರೂಪಾಯಿ. ದಿನಕ್ಕೆ 720 ರೂಪಾಯಿ, 14 ದಿನಕ್ಕೆ 10,080. ರಿಜಿಸ್ಟರಿನಲ್ಲಿ 25 ಮಿ.ಮೀ. ಇದೆ ಅಂತ ಸಹಿ ಇದ್ದ ದಿನಕ್ಕೆ ಮಾತ್ರ ಹಣ. ಮೊತ್ತ ದೊಡ್ಡದಲ್ಲ. ಆದರೆ ಟ್ಯಾಂಕರ್ ನೀರಿಗೂ ಆಳಿಗೂ ಕಂಟ್ರಾಕ್ಟರ್ ಕೈಗೆ ಬೇರೆಯಾಗಿ ದುಡ್ಡು ಬರುತ್ತೆ ಅಂತಾದಾಗ, ಕ್ಯೂರಿಂಗ್‌ನಲ್ಲಿ ನೀರು ಉಳಿಸುವ ಯೋಚನೆ ನಿಂತಿತು.

ಮಿಶ್ರಣದ ಷರತ್ತಿನಲ್ಲೂ ಇದೇ ರೋಗ ಇತ್ತು. ‘ನೀರು-ಸಿಮೆಂಟ್ ಅನುಪಾತ 0.50 ಮೀರಬಾರದು’ ಅಂತ ಬರೆದಿದ್ದೆ. ಅಂಕಿ ಸರಿಯಾಗಿದೆ, ಆದರೆ ಮಿಕ್ಸರ್ ಮುಂದೆ ನಿಂತವನು ಅದನ್ನು ಹೇಗೆ ಅಳೆಯಬೇಕು? 50 ಕೆ.ಜಿ. ಚೀಲಕ್ಕೆ 25 ಲೀಟರ್ ಅಂತ ಬಿಡಿಸಿ ಬರೆದೆ. ಅಷ್ಟಕ್ಕೇ ಬಿಡುವಂತಿಲ್ಲ, ಯಾಕಂದ್ರೆ ಎಂ-ಸ್ಯಾಂಡ್ ತೊಳೆದು ಒದ್ದೆಯಾಗೇ ಬರುತ್ತೆ. ಬೆಳಗ್ಗೆ 500 ಗ್ರಾಂ ಮರಳನ್ನು ಬಾಣಲೆಯಲ್ಲಿ ಹುರಿದು ತೂಗಿದೆವು. 475 ಗ್ರಾಂ ಬಂತು. ಅಂದರೆ ಒಣ ತೂಕದ ಮೇಲೆ ಶೇ. 5ಕ್ಕಿಂತ ಸ್ವಲ್ಪ ಜಾಸ್ತಿ ತೇವ. ಅದರಲ್ಲಿ ಶೇ. 2 ಮರಳೇ ಹೀರಿಕೊಂಡ ನೀರು ಅಂತ ಮಿಕ್ಸ್ ಡಿಸೈನ್ ವರದಿಯಲ್ಲಿತ್ತು. ಉಳಿದ ಸುಮಾರು ಶೇ. 3.3 ಸಿಮೆಂಟಿಗೆ ಸೇರುವ ನೀರು. ಚೀಲಕ್ಕೆ 110 ಕೆ.ಜಿ. ಮರಳು, ಹಾಗಾದರೆ ಮೂರೂವರೆ ಲೀಟರ್ ಆಗಲೇ ಒಳಗಿದೆ. ಆ ದಿನ ಸುರಿಯಬೇಕಾದದ್ದು 21.5 ಲೀಟರ್. ಷರತ್ತಿಗೆ ಈ ಹುರಿಯುವ ಪರೀಕ್ಷೆಯನ್ನೇ ಸೇರಿಸಿದೆ: ದಿನಕ್ಕೊಂದು ಸಲ, ಮಳೆ ಬಂದರೆ ಮತ್ತೊಂದು ಸಲ. ಗೆರೆ ಹಾಕಿದ ಬಕೆಟ್ ಬಿಟ್ಟು ಬೇರೆಯದರಲ್ಲಿ ನೀರು ಹಾಕುವಂತಿಲ್ಲ. ಸ್ಲಂಪ್, ಅಂದರೆ ಅಚ್ಚು ತೆಗೆದಾಗ ಹಸಿ ಕಾಂಕ್ರೀಟ್ ಕುಸಿಯುವ ಅಳತೆ, 100 ಮಿ.ಮೀ. ದಾಟಿದ ಬ್ಯಾಚನ್ನು ಮೇಲಕ್ಕೆ ಕಳಿಸುವಂತಿಲ್ಲ.

ಕರಾರು ಇಂಗ್ಲಿಷಿನಲ್ಲಿತ್ತು. ಈ ಎರಡು ಷರತ್ತುಗಳನ್ನು ಮಾತ್ರ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ ಸಿಮೆಂಟ್ ಶೆಡ್ಡಿನ ಬಾಗಿಲಿಗೆ ಅಂಟಿಸಿದೆವು.

ಎರಡನೇ ಸ್ಲ್ಯಾಬಿನಲ್ಲಿ 14ಕ್ಕೆ 13 ದಿನ ಸಹಿ ಬಿತ್ತು. ಒಂಬತ್ತನೇ ದಿನ ಟ್ಯಾಂಕರ್ ಬರಲಿಲ್ಲ, ಮೂರು ಪಾತಿ ಒಣಗಿದ್ದವು. 720 ರೂಪಾಯಿ ಬಿಲ್ಲಿಗೆ ಹತ್ತಲಿಲ್ಲ, ಯಾರೂ ತಕರಾರು ಮಾಡಲಿಲ್ಲ.

ಕಂಬಗಳದ್ದು ಮಾತ್ರ ನನಗೆ ಇನ್ನೂ ಸಮಾಧಾನ ಆಗಿಲ್ಲ. ಅಲ್ಲಿ ನೀರು ನಿಲ್ಲುವುದಿಲ್ಲ, ಸ್ಕೇಲ್ ಇಡುವಂತಿಲ್ಲ. ಗೋಣಿತಟ್ಟು ಸುತ್ತಿ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಬೇಕು ಅಂತ ಬರೆದಿದ್ದೇನೆ. ಅಳತೆ ಅಂತ ಇಟ್ಟಿರುವುದು ಇಷ್ಟೇ: ಮಧ್ಯಾಹ್ನ ಎರಡಕ್ಕೆ ಕಂಬದ ಮೇಲ್ತುದಿಯ ಹತ್ತಿರ ತಟ್ಟನ್ನು ಹಿಂಡಿದರೆ ನೀರು ತೊಟ್ಟಿಕ್ಕಬೇಕು.