ಕುಕ್ಕರ್ ಸೀಟಿಯ ಸಂದೇಶ

ಸ್ಕಿಜೋಫ್ರೇನಿಯಾ ಎಂದು ಹೇಳಿದ ಕೂಡಲೇ ಮನೆಯವರು ಕೇಳುವುದು, ‘ಅಂದರೆ ಒಳಗೆ ಇಬ್ಬರು ಇರುತ್ತಾರಲ್ಲ, ಅದೇ ತಾನೇ ಡಾಕ್ಟ್ರೇ?’ ಎಂದು. ಮನೋವೈದ್ಯನಾಗಿ ಈ ಪ್ರಶ್ನೆಗೆ ನಾನು ಸಿದ್ಧ ಉತ್ತರ ಕೊಡುವುದಿಲ್ಲ. ರೋಗಿಯ ಮಾತುಗಳಿಂದಲೇ ವಿವರಿಸುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಒಬ್ಬ ಯುವಕನ ಕಥೆ ಹೇಳುತ್ತೇನೆ.

ಇಪ್ಪತ್ತನಾಲ್ಕರ ಹುಡುಗ, ಬೈಕ್ ರಿಪೇರಿ ಕೆಲಸ. ಕೆಲವು ತಿಂಗಳುಗಳಿಂದ ಕೆಲಸ ಬಿಟ್ಟು ಕೋಣೆಯ ಕಿಟಕಿ ಮುಚ್ಚಿಕೊಂಡು ಕೂತಿದ್ದ. ತಾಯಿ ಮತ್ತು ಸೋದರಮಾವ ಕರೆತಂದಿದ್ದರು. ಇಬ್ಬರು ಗಂಡಸರು ತನ್ನ ಬಗ್ಗೆಯೇ ಮಾತನಾಡಿಕೊಳ್ಳುತ್ತಾರೆ ಎಂದ. ‘ನೋಡು, ಈಗ ಚಪ್ಪಲಿ ಹಾಕಿಕೊಂಡ’ ಎಂದು ಒಬ್ಬ ಹೇಳಿದರೆ, ‘ಎಲ್ಲಿಗೂ ಹೋಗಲಾರ, ಬಿಡು’ ಎಂದು ಇನ್ನೊಬ್ಬ ನಗುತ್ತಾನಂತೆ. ಇದು ಭ್ರಮೆ. ದನಿ ಹೊರಗಿಲ್ಲ, ಆದರೆ ಕೇಳಿಸುವುದು ನಿಜ. ಭ್ರಮೆಯ ಹೊತ್ತಿನಲ್ಲೇ ಮಿದುಳನ್ನು ಸ್ಕ್ಯಾನ್ ಮಾಡಿದ ಅಧ್ಯಯನಗಳಲ್ಲಿ ಮಾತಿಗೂ ಕೇಳುವಿಕೆಗೂ ಸಂಬಂಧಿಸಿದ ಭಾಗಗಳು ಚುರುಕಾಗಿದ್ದುದು ಕಂಡಿದೆ. ಹಾಗಾಗಿ ‘ಸುಮ್ಮನೆ ನಾಟಕ’ ಎಂಬ ಮಾವನ ಮಾತನ್ನು ಮೊದಲು ನಿಲ್ಲಿಸಬೇಕಾಯಿತು.

ಅವನ ಎರಡನೆಯ ದೂರು ಪಕ್ಕದ ಮನೆಯ ಕುಕ್ಕರ್ ಬಗ್ಗೆ. ಮೂರು ಸೀಟಿ ಹೊಡೆದರೆ ತನ್ನನ್ನು ಹಿಡಿದುಕೊಡಲು ಸೂಚನೆ ಎಂಬ ನಂಬಿಕೆ. ‘ಅವರ ಮನೆಯಲ್ಲಿ ಬೇಳೆ ಬೇಯುತ್ತಿರಬಹುದಲ್ಲ?’ ಎಂದು ಕೇಳಿದೆ. ‘ಬೇಳೆಯೇ ಸರ್. ಆದರೆ ನಾನು ಬಾಗಿಲಿಗೆ ಬಂದಾಗಲೇ ಏಕೆ ಬೇಯಬೇಕು?’ ಎಂದ. ಭ್ರಾಂತಿ ಇರುವುದು ಇಲ್ಲಿಯೇ. ಸೀಟಿ ನಿಜ, ಕಿವಿ ಸರಿಯಾಗಿದೆ, ತರ್ಕವೂ ಇದೆ. ಆದರೆ ಅದಕ್ಕೆ ಅಂಟಿಕೊಂಡ ಅರ್ಥವನ್ನು ಯಾವ ಪುರಾವೆಯೂ ಅಲುಗಿಸುವುದಿಲ್ಲ.

ಡೋಪಮೈನ್ ಬರುವುದು ಈ ಹಂತದಲ್ಲಿ. ‘ಇದು ಮುಖ್ಯ, ಗಮನಿಸು’ ಎಂದು ಗುರುತು ಹಾಕುವುದು ಮಿದುಳಿನ ಈ ರಾಸಾಯನಿಕದ ಒಂದು ಕೆಲಸ. ಕರಡು ತಿದ್ದುವವನು ಪುಟದ ಪ್ರತಿ ಸಾಲಿನ ಕೆಳಗೂ ಕೆಂಪು ಗೆರೆ ಎಳೆದರೆ ಹೇಗೋ, ಡೋಪಮೈನ್ ಹೆಚ್ಚಾಗಿ ಚಿಮ್ಮಿದಾಗ ಕೆಮ್ಮು, ಸೀಟಿ, ನೋಟ ಎಲ್ಲವೂ ತನಗಾಗಿಯೇ ಎನಿಸುತ್ತದೆ. ಅದಕ್ಕೆ ಕಾರಣ ಹುಡುಕುವ ಮನಸ್ಸು ಕಥೆ ಕಟ್ಟುತ್ತದೆ. ಈ ಊಹೆಗೆ ದಾರಿ ಮಾಡಿದ್ದು ಔಷಧಗಳೇ. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೋಮಜೈನ್ ಇಂಥ ಭ್ರಮೆ, ಭ್ರಾಂತಿಗಳಿಗೆ ಪರಿಣಾಮಕಾರಿ ಎಂದು ಕಂಡುಬಂತು. ಇಂಥ ಔಷಧಗಳು ಡೋಪಮೈನಿನ ಸಂಕೇತವನ್ನು ಜೀವಕೋಶಗಳಲ್ಲಿ ಸ್ವೀಕರಿಸುವ ಡಿ2 ಗ್ರಾಹಕಗಳನ್ನು ತಡೆಯುತ್ತವೆ ಎಂಬುದು ಸ್ಪಷ್ಟವಾಗಲು ಎಪ್ಪತ್ತರ ದಶಕ ಬೇಕಾಯಿತು. ಡೋಪಮೈನ್ ಹೆಚ್ಚಿಸುವ ಆಂಫೆಟಮೈನ್ ಸೇವಿಸಿದವರಲ್ಲಿ ಇಂಥದ್ದೇ ಸಂಶಯ ಹುಟ್ಟುವುದು ಇನ್ನೊಂದು ಸಾಕ್ಷಿ. ಅದಕ್ಕಾಗಿಯೇ ಮೊದಲು ಗಾಂಜಾ, ಮದ್ಯ, ಮೂರ್ಛೆರೋಗ, ಥೈರಾಯ್ಡ್ ಎಲ್ಲವನ್ನೂ ವಿಚಾರಿಸುತ್ತೇನೆ.

ಡಿ2 ತಡೆಯುವ ಔಷಧಗಳಲ್ಲೊಂದಾದ ರಿಸ್ಪೆರಿಡೋನ್ 2 ಮಿಲಿಗ್ರಾಂ ರಾತ್ರಿ ಕೊಟ್ಟು, ನಂತರ 4ಕ್ಕೆ ಏರಿಸಿದೆ. ಮೊದಲು ನಿದ್ದೆ ಬಂತು. ಆಮೇಲೆ ದನಿಗಳು ದೂರ ಸರಿದವು. ‘ಮಾತು ಕೇಳಿಸುತ್ತದೆ, ಆದರೆ ಏನೆಂದು ತಿಳಿಯುವುದಿಲ್ಲ’ ಎಂದ. ಕುಕ್ಕರ್ ಎಲ್ಲಕ್ಕಿಂತ ಕೊನೆಗೆ ಹೋಯಿತು. ‘ಈಗಲೂ ಸೀಟಿ ಹೊಡೆಯುತ್ತದೆ ಸರ್, ನಾನು ಲೆಕ್ಕ ಇಡುವುದಿಲ್ಲ’ ಎಂದ. ಪ್ರತಿ ಭೇಟಿಯಲ್ಲೂ ಅವನನ್ನು ಕಾರಿಡಾರಿನಲ್ಲಿ ನಡೆಸಿ ನೋಡುತ್ತಿದ್ದೆ. ಕೈ ಬೀಸದೆ, ಮುಖದಲ್ಲಿ ಭಾವವಿಲ್ಲದೆ ನಡೆದರೆ ಡಿ2 ತಡೆ ಅತಿಯಾಗಿದೆ ಎಂದರ್ಥ. ಆಗ ಡೋಸ್ ಇಳಿಸಬೇಕು.

ಡೋಪಮೈನ್ ಕಥೆಗೆ ಮಿತಿಯೂ ಇದೆ. ದನಿ ನಿಂತ ಮೇಲೂ ಅವನು ಸ್ನಾನಕ್ಕೆ ಎದ್ದು ಹೋಗುತ್ತಿರಲಿಲ್ಲ, ಗೆಳೆಯರ ಫೋನ್ ಎತ್ತುತ್ತಿರಲಿಲ್ಲ. ತಾಯಿ ಅದನ್ನು ಸೋಮಾರಿತನ ಎಂದರು. ಅದೂ ಕಾಯಿಲೆಯ ಭಾಗವೇ, ಮಾತ್ರೆ ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಎರಡು ಔಷಧಗಳನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ಕಾಲ ಕೊಟ್ಟರೂ ಫಲ ಸಿಗದವರಿಗೆ ನೆರವಾಗುವ ಕ್ಲೋಜಪೈನ್ ಡಿ2ವನ್ನು ತಡೆಯುವುದು ಕಡಿಮೆಯೇ.

ಇನ್ನು, ಒಳಗೆ ಇಬ್ಬರು ಇರುತ್ತಾರಲ್ಲ ಎಂಬ ಮಾವನ ಪ್ರಶ್ನೆ. ‘ಇವನು ಒಬ್ಬನೇ’ ಎಂದೆ. ಆ ಇಬ್ಬರ ಮಾತನ್ನು ಕೇಳುತ್ತಾ ಹೆದರುತ್ತಿದ್ದವನು ಇವನೇ. ನಿನ್ನೆಯದೂ ಇವನಿಗೆ ನೆನಪಿದೆ. ಬಹುವ್ಯಕ್ತಿತ್ವದ ತೊಂದರೆಯಲ್ಲಿ ಬೇರೆ ಬೇರೆ ಗುರುತುಗಳು ಸರದಿಯಂತೆ ಮುಂದೆ ಬರುತ್ತವೆ, ನಡುವಿನ ನೆನಪು ಹರಿದಿರುತ್ತದೆ. ಅದು ಹೆಚ್ಚಾಗಿ ಬಾಲ್ಯದ ಆಘಾತಕ್ಕೆ ಹೆಣೆದುಕೊಂಡಿರುತ್ತದೆ. ಮುಖ್ಯ ಚಿಕಿತ್ಸೆ ಮಾತುಕತೆಯದು. ಸ್ಕಿಜೋಫ್ರೇನಿಯಾದಲ್ಲಿ ಬಿರುಕು ಬಿಡುವುದು ಯೋಚನೆ, ಭಾವನೆ, ಗ್ರಹಿಕೆಗಳ ನಡುವಿನ ಹೊಂದಾಣಿಕೆ. 1908ರಲ್ಲಿ ಸ್ವಿಸ್ ಮನೋವೈದ್ಯ ಬ್ಲಾಯ್ಲರ್ ಈ ಕಾಯಿಲೆಗೆ ಹೆಸರಿಟ್ಟಾಗ ಹೇಳಿದ್ದೂ ಅದನ್ನೇ.

ಮಾವ ಸ್ವಲ್ಪ ಹೊತ್ತು ಯೋಚಿಸಿ, ‘ಹಾಗಾದರೆ ಕುಕ್ಕರ್ ವಿಷಯ ಬಂದರೆ ನಾವೇನು ಹೇಳಬೇಕು?’ ಎಂದರು. ವಾದ ಬೇಡ, ಹೌದೆನ್ನುವುದೂ ಬೇಡ. ‘ನಿನಗೆ ಹಾಗೆ ಅನಿಸಿ ಭಯವಾಗಿದೆ, ನನಗೆ ಹಾಗೆ ಅನಿಸುತ್ತಿಲ್ಲ’ ಎಂದು ಹೇಳಿ ಜೊತೆಗೆ ಕೂರಿ ಎಂದೆ. ಸಂದೇಶ ಕೇಳುವುದು ಮತ್ತೆ ಶುರುವಾದರೆ, ನಿದ್ದೆ ಕೆಟ್ಟರೆ, ಮುಂದಿನ ಭೇಟಿಯವರೆಗೆ ಕಾಯದೆ ಕರೆತರಲು ಹೇಳಿದೆ.