ಮನೆ ಅಡ ಇಟ್ಟು ವರ್ಕ್‌ಶಾಪ್‌ಗೆ ಲೋನ್ ತಗೊಂಡಿದ್ದು: ನನ್ನ ಅನುಭವ

ತುಮಕೂರಲ್ಲಿ ನಂದೊಂದು ಚಿಕ್ಕ ಫ್ಯಾಬ್ರಿಕೇಷನ್ ವರ್ಕ್‌ಶಾಪ್. ಲೇಸರ್ ಕಟಿಂಗ್ ಮಷಿನ್ ಹಾಕ್ಬೇಕಿತ್ತು, ಅದಕ್ಕೆ ಅಪ್ಪನ ಹೆಸರಲ್ಲಿರೋ ಮನೆ ಮೇಲೆ ಲೋನ್ ತಗೊಂಡೆ. ಮನೆ ಅವರದಾದ್ರಿಂದ ಅವರೂ ಕೋ-ಅಪ್ಲಿಕೆಂಟ್ ಆಗ್ಲೇಬೇಕಿತ್ತು.

ಎಲ್ರೂ ಕೇಳೋದು ವ್ಯಾಲ್ಯುಯೇಷನ್ ಬಗ್ಗೇನೇ. 30x40 ಸೈಟು, ಮೂರು ಫ್ಲೋರು, ಏರಿಯಾದಲ್ಲಿ ಕೋಟಿ ಹತ್ರ ರೇಟ್ ಹೇಳ್ತಾರೆ. ಬ್ಯಾಂಕ್ ಕಳಿಸಿದ ವ್ಯಾಲ್ಯೂಯರ್ ಬಂದು ಮೊದ್ಲು ಕ್ರಯಪತ್ರದ ಚಕ್ಕುಬಂದಿ ನೋಡ್ಕೊಂಡು ನಾಲ್ಕೂ ಕಡೆ ತಾಳೆ ಹಾಕಿದ್ರು, ಆಮೇಲೆ ಅಳತೆ, ಆಮೇಲೆ ಸ್ಯಾಂಕ್ಷನ್ ಪ್ಲಾನ್ ಕೇಳಿದ್ರು. ಪ್ಲಾನಲ್ಲಿ ಇದ್ದಿದ್ದು ಎರಡೇ ಫ್ಲೋರು. "ಪ್ಲಾನಲ್ಲಿ ಇಲ್ದೇ ಇರೋದು ನನ್ನ ರಿಪೋರ್ಟಲ್ಲೂ ಇರಲ್ಲ ಸರ್" ಅಂದ್ರು, ಬಾಡಿಗೆ ಬರ್ತಿದ್ದ ಮೇಲಿನ ಮನೆಗೆ ಸೊನ್ನೆ! ಸೈಟಿಗೆ ಅಡಿಗೆ 3,500ರಂತೆ 42 ಲಕ್ಷ, ಎರಡು ಫ್ಲೋರಿಗೆ ಹಳೇದಾಗಿರೋ ಸವಕಳಿ ಕಳೆದು 25 ಲಕ್ಷ, ಒಟ್ಟು 67. ಅದರಲ್ಲಿ 60 ಪರ್ಸೆಂಟ್ ಅಂದ್ರೆ 40 ಲಕ್ಷ ಲೋನು.

ಆದ್ರೆ ಅಷ್ಟೂ ಸಿಗುತ್ತೆ ಅಂತಲ್ಲ. ಆದಾಯದ ಲೆಕ್ಕ ಬೇರೆ ಹಾಕ್ತಾರೆ, ಎರಡರಲ್ಲಿ ಯಾವ್ದು ಕಮ್ಮಿನೋ ಅಷ್ಟೇ. ಐಟಿ ರಿಟರ್ನ್ಸ್, ಜಿಎಸ್‌ಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಾ ನೋಡಿ ನನ್ನ ಆದಾಯ ತಿಂಗಳಿಗೆ 1.10 ಲಕ್ಷ ಅಂತ ತಗೊಂಡ್ರು (ಮಷಿನ್ ಡಿಪ್ರಿಸಿಯೇಷನ್ ವಾಪಸ್ ಸೇರಿಸಿ, ಅದನ್ನ ನಮ್ಮ ಆಡಿಟರೇ ನೆನಪು ಮಾಡಿದ್ದು). ಎಲ್ಲಾ ಕಂತೂ ಸೇರಿ ಅದರ ಅರ್ಧ ದಾಟಬಾರ್ದು ಅಂತ ಅವರ ಲೆಕ್ಕ, ಅಂದ್ರೆ 55 ಸಾವಿರ, ಹಳೇ ಗಾಡಿ ಇಎಂಐ 15 ಹೋದ್ರೆ 40 ಸಾವಿರ. ಹತ್ತೂವರೆ ಪರ್ಸೆಂಟ್, 15 ವರ್ಷಕ್ಕೆ ಲಕ್ಷಕ್ಕೆ 1,105 ರೂಪಾಯಿ ಕಂತು, ಅಂದ್ರೆ 36 ಲಕ್ಷ. ನಾನು ತಗೊಂಡಿದ್ದು 30 ಮಾತ್ರ, ಕಂತು 33 ಸಾವಿರ ಚಿಲ್ರೆ. ಮ್ಯಾನೇಜರ್ ಪೂರ್ತಿ ತಗೊಳ್ಳಿ ಅಂತಿದ್ರು, ಕಂತು ಕಟ್ಟೋನು ನಾನಲ್ವಾ.

ಸೈನ್ ಹಾಕೋ ಮುಂಚೆ ಮನೆ ಹೆಂಗೆ ಹೋಗುತ್ತೆ ಅಂತ ಅಪ್ಪಂಗೆ ಕೂರಿಸಿ ಹೇಳ್ದೆ. ಕಂತು ಬಾಕಿ 90 ದಿನ ದಾಟಿದ್ರೆ ಎನ್‌ಪಿಎ, ಅಂದ್ರೆ ಕೆಟ್ಟ ಸಾಲ ಅಂತ ಬ್ಯಾಂಕ್ ಬರ್ಕೊಳುತ್ತೆ. ಆಮೇಲೆ ಅಡ ಇಟ್ಟ ಆಸ್ತಿಯಿಂದ ಸಾಲ ವಸೂಲಿ ಮಾಡೋ ಸರ್ಫೇಸಿ ಕಾಯ್ದೆ 13(2)ರ ನೋಟಿಸ್ ಬರುತ್ತೆ, ಪೂರ್ತಿ ಬಾಕಿ ಕಟ್ಟೋಕೆ 60 ದಿನ. ಕಟ್ಟದೇ ಹೋದ್ರೆ ಕೋರ್ಟಿಗೆ ಕೇಸ್ ಹಾಕ್ದೇನೇ ಬ್ಯಾಂಕ್ ಸ್ವಾಧೀನ ತಗೊಂಡು ಹರಾಜಿಗೆ ಇಡಬಹುದು. ಸ್ವಾಧೀನ ತಗೊಂಡ್ಮೇಲೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿ ಡಿಆರ್‌ಟಿಗೆ ಹೋಗ್ಬಹುದು. ಹರಾಜಿನ ನೋಟಿಸ್ ಪ್ರಕಟ ಆಗೋದ್ರೊಳಗೆ ಪೂರ್ತಿ ದುಡ್ಡು ಖರ್ಚು ಸಮೇತ ಕಟ್ಟಿದ್ರೆ ಮನೆ ಬಿಡಿಸ್ಕೋಬಹುದು, ಆಮೇಲೆ ಕಷ್ಟ.

ನಮ್ ಲೈನಲ್ಲಿ ದೊಡ್ಡ ಪಾರ್ಟಿಗಳು ಬಿಲ್ ಕ್ಲಿಯರ್ ಮಾಡೋಕೆ 90 ದಿನ ತಗೊಳೋದು ಮಾಮೂಲಿ. ಹಂಗಾಗಿ ಆರು ಕಂತಿನ ದುಡ್ಡು, ಸುಮಾರು 2 ಲಕ್ಷ, ಅಪ್ಪನ ಹೆಸರಲ್ಲೇ ಎಫ್‌ಡಿ ಮಾಡಿಟ್ಟು ಆಮೇಲೇ ಮಷಿನ್‌ಗೆ ಅಡ್ವಾನ್ಸ್ ಕೊಟ್ಟೆ.